ಕರೆಂಟ್ ರೇಶಿಯೊ ಏರಿದೆ, ಸಿಸಿ ಖಾತೆ ಮಾತ್ರ ಯಾಕೆ ತುಂಬಿದೆ?

ಬ್ಯಾಲೆನ್ಸ್ ಶೀಟ್ ಕೈಗೆ ಕೊಟ್ಟ ಕೂಡಲೇ ನಮ್ಮ ಉಡುಪಿ, ಕಾರ್ಕಳ ಕಡೆಯ ಸಣ್ಣ ಕಂಪನಿಗಳ ಮಾಲೀಕರು ಮೂರೇ ಸಂಖ್ಯೆ ನೋಡುತ್ತಾರೆ. ವ್ಯಾಪಾರ ಎಷ್ಟಾಯಿತು, ಲಾಭ ಎಷ್ಟು ಬಂತು, ಕರೆಂಟ್ ರೇಶಿಯೊ 1.33ರ ಮೇಲೆ ಉಂಟಾ ಇಲ್ವಾ. ವರ್ಷದೊಳಗೆ ಹಣವಾಗಬೇಕಾದ ಚಾಲ್ತಿ ಆಸ್ತಿಯನ್ನು ವರ್ಷದೊಳಗೆ ತೀರಿಸಬೇಕಾದ ಚಾಲ್ತಿ ಸಾಲದಿಂದ ಭಾಗಿಸಿದರೆ ಬರುವುದೇ ಈ ರೇಶಿಯೊ. ಮೂರೂ ಏರಿದ್ದರೆ ಮುಖ ಅರಳುತ್ತದೆ. ಸಹಿ ಹಾಕಿ ಹೊರಡುತ್ತಾರೆ. ಆಮೇಲೆ ಎರಡೇ ತಿಂಗಳಿಗೆ ಫೋನ್ ಬರುತ್ತದೆ: "ಸರ್, ಲಾಭ ಉಂಟಲ್ಲ, ರೇಶಿಯೊ ಉಂಟಲ್ಲ, ಸಂಬಳ ಕೊಡ್ಲಿಕ್ಕೆ ದುಡ್ಡು ಯಾಕಿಲ್ಲ?"

ಉತ್ತರ ಅದೇ ಬ್ಯಾಲೆನ್ಸ್ ಶೀಟ್‌ನಲ್ಲಿ ಇರುತ್ತದೆ. ಆದರೆ ರೂಪಾಯಿಯ ಲೆಕ್ಕದಲ್ಲಿ ಒಂದು ವರ್ಷವನ್ನು ಮಾತ್ರ ನೋಡಿದರೆ ಕಾಣುವುದಿಲ್ಲ. ಮೂರು ವರ್ಷ ಪಕ್ಕಪಕ್ಕ ಇಟ್ಟು, ಪ್ರತಿ ಸಾಲನ್ನೂ ವ್ಯಾಪಾರದ ನೂರಕ್ಕೆ ಎಷ್ಟು ಎಂದು ಬರೆಯಬೇಕು. ಆಸ್ತಿಯ ಕಡೆ ಒಟ್ಟು ಆಸ್ತಿಯ ನೂರಕ್ಕೆ ಎಷ್ಟು ಎಂದು ಬರೆಯಬೇಕು. ಇದೇ ಕಾಮನ್ ಸೈಜ್.

ಒಂದು ಗೇರುಬೀಜ ಕಾರ್ಖಾನೆಯ ಲೆಕ್ಕ ಹೇಳುತ್ತೇನೆ. ಪ್ರೈವೇಟ್ ಲಿಮಿಟೆಡ್ ಕಂಪನಿ, ಅಣ್ಣ ತಮ್ಮ ಇಬ್ಬರೇ ಡೈರೆಕ್ಟರುಗಳು. ಗುರುತು ಸಿಗಬಾರದೆಂದು ಅಂಕಿಗಳನ್ನು ಬದಲಿಸಿದ್ದೇನೆ, ಒಳಗಿನ ಕತೆ ಹಾಗೇ ಇದೆ. 2022-23ರಲ್ಲಿ ವ್ಯಾಪಾರ 800 ಲಕ್ಷ. ಮರುವರ್ಷ 960, ಅದರ ಮರುವರ್ಷ 1200. ತೆರಿಗೆಗೆ ಮುಂಚಿನ ಲಾಭ 36 ಲಕ್ಷ, 38.4 ಲಕ್ಷ, 42 ಲಕ್ಷ. ಕರೆಂಟ್ ರೇಶಿಯೊ 1.30, 1.36, 1.43. ಎಲ್ಲವೂ ಏರುಮುಖ. ಅಣ್ಣನಿಗೆ ಸಂತೋಷ. ಲೆಕ್ಕ ನೋಡಿಕೊಳ್ಳುವ ತಮ್ಮನಿಗೆ ಮಾತ್ರ ನಿದ್ದೆಯಿಲ್ಲ. ಸಿಸಿ ಖಾತೆ, ಅಂದರೆ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲದ ಬಾಕಿ 130 ಲಕ್ಷದಿಂದ 240 ಲಕ್ಷಕ್ಕೆ ಹೋಗಿತ್ತು. ಅದೂ ಸಾಲದೆ ತನ್ನ ಸ್ವಂತ ಎಫ್‌ಡಿ ಮುರಿದು 30 ಲಕ್ಷ ಕಂಪನಿಗೆ ಹಾಕಿದ್ದರು.

ವ್ಯಾಪಾರ ನೂರು ಎಂದಿಟ್ಟುಕೊಂಡಾಗ ಬಂದ ಚಿತ್ರ ಇದು.

| ವ್ಯಾಪಾರದ ನೂರಕ್ಕೆ | 2022-23 | 2023-24 | 2024-25 |
|---|---|---|---|
| ಕಚ್ಚಾ ಗೇರುಬೀಜ | 75 | 76.5 | 78 |
| ಕೂಲಿ, ಸಂಬಳ | 10 | 10 | 10 |
| ಇತರ ಖರ್ಚು, ಸವಕಳಿ | 8 | 7 | 5.5 |
| ಬಡ್ಡಿ | 2.5 | 2.5 | 3 |
| ಲಾಭ | 4.5 | 4 | 3.5 |

ರೂಪಾಯಿಯಲ್ಲಿ ಏರಿದ ಲಾಭ ನೂರರ ಲೆಕ್ಕದಲ್ಲಿ ಇಳಿದಿದೆ. ಇಷ್ಟನ್ನು ಯಾರಾದರೂ ಕಂಡುಹಿಡಿಯುತ್ತಾರೆ. ನಾನು ನೋಡಿ ಎನ್ನುವುದು ಮೂರನೇ ಸಾಲನ್ನು. ಅದು 8ರಿಂದ 5.5ಕ್ಕೆ ಇಳಿದದ್ದನ್ನು ಕಂಡು ಅಣ್ಣ, "ಖರ್ಚು ಹಿಡಿತಕ್ಕೆ ತಂದಿದ್ದೇವೆ" ಎಂದರು. ಹಾಗಲ್ಲ. ಆ ಖರ್ಚು ರೂಪಾಯಿಯಲ್ಲಿ 64 ಲಕ್ಷ ಇದ್ದದ್ದು 66 ಲಕ್ಷ ಆಗಿದೆ, ಅಷ್ಟೇ. ಕಚೇರಿ ಖರ್ಚು, ವಿಮೆ, ಸವಕಳಿ ಇವೆಲ್ಲ ವ್ಯಾಪಾರದ ಜೊತೆ ಏರುವುದಿಲ್ಲ. ವ್ಯಾಪಾರ ದೊಡ್ಡದಾದಾಗ ಅದರ ಪಾಲು ತಾನಾಗಿಯೇ ಸಣ್ಣದಾಗುತ್ತದೆ. ಹೀಗೆ ಸುಮ್ನೆ ಸಿಕ್ಕಿದ 2.5 ಅಂಶ, ಕಚ್ಚಾ ಬೀಜದಲ್ಲಿ ಹೋದ 3 ಅಂಶವನ್ನು ಮುಚ್ಚಿಹಾಕಿತು. 1200 ಲಕ್ಷದ ಮೇಲೆ 3 ಅಂಶ ಎಂದರೆ 36 ಲಕ್ಷ. ಇಡೀ ವರ್ಷದ ಲಾಭವೇ 42 ಲಕ್ಷ, ಅಲ್ವಾ?

ಕಚ್ಚಾ ಬೀಜದ ಪಾಲು ಯಾಕೆ ಏರಿತು ಎಂಬುದನ್ನು ಕಾಮನ್ ಸೈಜ್ ಹೇಳುವುದಿಲ್ಲ. ಎಲ್ಲಿ ಅಗೆಯಬೇಕೆಂದು ಮಾತ್ರ ತೋರಿಸುತ್ತದೆ. ಬೀಜದ ದರ ಏರಿರಬಹುದು, ಬೀಜದಿಂದ ಬರುವ ತಿರುಳು ಕಡಿಮೆಯಾಗಿರಬಹುದು, ತುಂಡು ಜಾಸ್ತಿ ಬಂದಿರಬಹುದು. ಅಥವಾ ಮಾರುವ ದರವೇ ಇಳಿದಿರಬಹುದು. ಈ ಕೊನೆಯದನ್ನು ಯಾರೂ ಯೋಚಿಸುವುದಿಲ್ಲ. 75 ರೂಪಾಯಿಯ ಬೀಜದಿಂದ ಮಾಡಿದ ಮಾಲನ್ನು 100ಕ್ಕೆ ಬದಲು 96ಕ್ಕೆ ಮಾರಿದರೆ, ಕಾರ್ಖಾನೆಯಲ್ಲಿ ಏನೂ ಬದಲಾಗದಿದ್ದರೂ ಬೀಜದ ಪಾಲು ನೂರಕ್ಕೆ 78 ಆಗುತ್ತದೆ.

ಇಲ್ಲಿ ಎರಡು ಕಾರಣ ಸಿಕ್ಕಿದವು. 80 ಕಿಲೋ ಚೀಲಕ್ಕೆ ತಿರುಳಿನ ಔಟ್‌ಟರ್ನ್ 49 ಪೌಂಡಿನಿಂದ 48ಕ್ಕೆ ಇಳಿದಿತ್ತು. ಅರ್ಧದಷ್ಟು ನಷ್ಟ ಅಲ್ಲಿಂದ. ಉಳಿದರ್ಧ ಮಾರಾಟದಲ್ಲಿ. ವ್ಯಾಪಾರ ಏರಿಸಬೇಕೆಂದು ಅಣ್ಣ ಹೊರ ರಾಜ್ಯದ ಎರಡು ದೊಡ್ಡ ಪಾರ್ಟಿಗಳನ್ನು ಹಿಡಿದಿದ್ದರು. ಅವರಿಗೆ ದರ ನೂರಕ್ಕೆ 7 ಕಡಿಮೆ. ಕೊನೆಯ ವರ್ಷ ಅವರಿಗೇ 340 ಲಕ್ಷದ ಮಾಲು ಹೋಗಿತ್ತು.

ಈಗ ಆಸ್ತಿಯ ಕಡೆ ನೋಡೋಣ. ಒಟ್ಟು ಆಸ್ತಿ ನೂರಾದರೆ ಸ್ಟಾಕ್ 40, 42, 39. ಹೆಚ್ಚು ಕಡಿಮೆ ನಿಂತಲ್ಲೇ ಇದೆ. ಪಾರ್ಟಿಗಳಿಂದ ಬರಬೇಕಾದ ಬಾಕಿ 22, 28, 40. ರೂಪಾಯಿಯಲ್ಲಿ 88 ಲಕ್ಷ, 131 ಲಕ್ಷ, 247 ಲಕ್ಷ. ವ್ಯಾಪಾರ ಒಂದೂವರೆ ಪಟ್ಟಾದರೆ ಬಾಕಿ ಸುಮಾರು 2.8 ಪಟ್ಟು.

ಇದನ್ನು ದಿನಕ್ಕೆ ಇಳಿಸಿ ನೋಡಿದರೆ ಮಾಲೀಕರಿಗೆ ಬೇಗ ಅರ್ಥವಾಗುತ್ತದೆ. ಬಾಕಿಯನ್ನು ವ್ಯಾಪಾರದಿಂದ ಭಾಗಿಸಿ 365ರಿಂದ ಗುಣಿಸಿ. 40 ದಿನ, 50 ದಿನ, 75 ದಿನ. 75 ಎಂಬುದು ಸರಾಸರಿ. ಅದನ್ನು ಒಡೆದು ನೋಡದೆ ಬಿಡಬಾರದು. ಹಳೆಯ ಗಿರಾಕಿಗಳ 860 ಲಕ್ಷದ ವ್ಯಾಪಾರಕ್ಕೆ ಬಾಕಿ 94 ಲಕ್ಷ. ಅಂದರೆ ಅವರು ಇಂದಿಗೂ 40 ದಿನಕ್ಕೇ ಕೊಡುತ್ತಿದ್ದಾರೆ. ಹೊಸ ಎರಡು ಪಾರ್ಟಿಗಳ ಬಾಕಿ 153 ಲಕ್ಷ, ಅಂದರೆ 164 ದಿನ.

ಎಲ್ಲರೂ 40 ದಿನಕ್ಕೆ ಕೊಟ್ಟಿದ್ದರೆ 1200 ಲಕ್ಷದ ವ್ಯಾಪಾರಕ್ಕೆ ಬಾಕಿ ಸುಮಾರು 132 ಲಕ್ಷ ಇರಬೇಕಿತ್ತು. ಜಾಸ್ತಿ ಇರುವುದು 115 ಲಕ್ಷ. ಸಿಸಿ ಖಾತೆಯಲ್ಲಿ ಏರಿದ ಬಾಕಿ 110 ಲಕ್ಷ. ತಮ್ಮನ ಮುಂದೆ ಈ ಎರಡು ಸಂಖ್ಯೆ ಇಟ್ಟಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಬ್ಯಾಂಕಿನಿಂದ ಬಡ್ಡಿಗೆ ತಂದ ಹಣವನ್ನು ಇವರು ಹೆಚ್ಚು ಕಡಿಮೆ ಹಾಗೇ ಆ ಪಾರ್ಟಿಗಳಿಗೆ ಬಡ್ಡಿಯಿಲ್ಲದೆ ಕೊಟ್ಟಂತಾಗಿತ್ತು.

ಈಗ ಬರುತ್ತದೆ ನಾನು ಎಷ್ಟು ಸಲ ಹೇಳಿದರೂ ಸಾಲದ ಮಾತು. ಇಷ್ಟೆಲ್ಲ ಕೆಡುತ್ತಿದ್ದಾಗ ಕರೆಂಟ್ ರೇಶಿಯೊ ಯಾಕೆ ಏರಿತು? ಬಾಕಿ ವಸೂಲಾಗದೆ ಉಳಿದಷ್ಟೂ ಅದು ಚಾಲ್ತಿ ಆಸ್ತಿಯೊಳಗೆ ಕೂತಿರುತ್ತದೆ. ರೇಶಿಯೊಗೆ ಅದು ನಾಳೆ ಬರುವ ಹಣವೋ, ಯಾವತ್ತೂ ಬಾರದ ಹಣವೋ ಗೊತ್ತಿಲ್ಲ. ಮೂರು ವರ್ಷದಲ್ಲಿ ಚಾಲ್ತಿ ಆಸ್ತಿ 260ರಿಂದ 500 ಲಕ್ಷಕ್ಕೆ, ಚಾಲ್ತಿ ಸಾಲ 200ರಿಂದ 350 ಲಕ್ಷಕ್ಕೆ ಏರಿತು. ಭಾಗಿಸಿದರೆ 1.43. ತಮ್ಮ ಎಫ್‌ಡಿ ಮುರಿದು ಹಾಕಿದ 30 ಲಕ್ಷ ದೀರ್ಘಾವಧಿ ಸಾಲದಲ್ಲಿ ಕೂತಿದೆ, ಹಾಗಾಗಿ ಅದೂ ರೇಶಿಯೊಗೆ ಸಹಾಯ ಮಾಡಿತು. ಕೇಳಿದಾಗ ಕೊಡಬೇಕಾದ ಸಾಲ ಅದಾಗಿದ್ದರೆ ಚಾಲ್ತಿ ಸಾಲದಲ್ಲೇ ತೋರಿಸಬೇಕು. ಆಗ 500ಕ್ಕೆ 380, ರೇಶಿಯೊ 1.32. ಆ 153 ಲಕ್ಷದಲ್ಲಿ 100 ಲಕ್ಷ ಬರಲಿಲ್ಲ ಎಂದಾದರೆ 400ಕ್ಕೆ 380. ಅಂದರೆ 1.05.

1.33 ಎಂಬ ಸಂಖ್ಯೆಯೂ ಆಕಾಶದಿಂದ ಬಿದ್ದದ್ದಲ್ಲ. 1975ರ ಟಂಡನ್ ಸಮಿತಿಯ ಎರಡನೇ ವಿಧಾನದಲ್ಲಿ, ಚಾಲ್ತಿ ಆಸ್ತಿಯ ಕಾಲು ಭಾಗವನ್ನಾದರೂ ಕಂಪನಿ ತನ್ನ ದೀರ್ಘಾವಧಿ ಹಣದಿಂದ ಹಾಕಬೇಕು. ಉಳಿದ ಮುಕ್ಕಾಲು ಚಾಲ್ತಿ ಸಾಲದಿಂದ ಬರಬಹುದು. 100ನ್ನು 75ರಿಂದ ಭಾಗಿಸಿದರೆ 1.33. ಇದು ಬ್ಯಾಂಕು ಎಷ್ಟು ಸಾಲ ಕೊಡಬಹುದು ಎಂಬುದರ ಅಳತೆ. ನಿಮ್ಮ ಬಾಕಿ ವಸೂಲಾಗುತ್ತದೆಯೇ ಎಂಬುದರ ಅಳತೆ ಅಲ್ಲ ಮಾರಾಯ್ರೆ.

ಬ್ಯಾಂಕಿಗೂ ಇದು ಗೊತ್ತು. ಅದಕ್ಕೇ ಡ್ರಾಯಿಂಗ್ ಪವರ್, ಅಂದರೆ ಸಿಸಿ ಖಾತೆಯಿಂದ ಎಷ್ಟು ತೆಗೆಯಬಹುದೆಂಬ ಮಿತಿಯ ಲೆಕ್ಕ ಹಾಕುವಾಗ ಹಳೆಯ ಬಾಕಿಯನ್ನು ಬಿಟ್ಟುಬಿಡುತ್ತಾರೆ. ಸಾಮಾನ್ಯವಾಗಿ 90 ದಿನ ಮೀರಿದ್ದು. ನಿಮ್ಮದು ಎಷ್ಟೆಂದು ಸ್ಯಾಂಕ್ಷನ್ ಲೆಟರ್‌ನಲ್ಲಿ ನೋಡಿ. 1.43 ರೇಶಿಯೊ ಹಿಡಿದುಕೊಂಡು ಲಿಮಿಟ್ ಏರಿಸಲು ಹೋದ ಅಣ್ಣನಿಗೆ ಸಿಕ್ಕಿದ್ದು ಇಳಿದ ಡ್ರಾಯಿಂಗ್ ಪವರ್.

ಕಾನೂನೂ ಈ ಕಡೆ ಬೆರಳು ತೋರಿಸುತ್ತದೆ. 2021ರ ತಿದ್ದುಪಡಿಯ ಬಳಿಕ ಕಂಪನಿ ಕಾಯ್ದೆಯ ಶೆಡ್ಯೂಲ್ 3ರ ಪ್ರಕಾರ ಹನ್ನೊಂದು ರೇಶಿಯೊ ತೋರಿಸಬೇಕು. ಹಿಂದಿನ ವರ್ಷಕ್ಕಿಂತ ನೂರಕ್ಕೆ 25ಕ್ಕಿಂತ ಜಾಸ್ತಿ ಬದಲಾದರೆ ಕಾರಣ ಬರೆಯಬೇಕು. ಇವರ ಬಾಕಿಯ ಟರ್ನೋವರ್ ರೇಶಿಯೊ, ಅಂದರೆ ವ್ಯಾಪಾರವನ್ನು ವರ್ಷದ ಮೊದಲಿನ ಮತ್ತು ಕೊನೆಯ ಬಾಕಿಯ ಸರಾಸರಿಯಿಂದ ಭಾಗಿಸಿದ್ದು, 8.8ರಿಂದ 6.3ಕ್ಕೆ ಇಳಿದಿತ್ತು. ಅಕೌಂಟೆಂಟ್ ಬರೆದುಕೊಟ್ಟ ಕಾರಣ: "ವ್ಯಾಪಾರ ಹೆಚ್ಚಾದದ್ದರಿಂದ." ಇಂಥ ಸಾಲು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ವ್ಯಾಪಾರ ಮೇಲಿನ ಸಂಖ್ಯೆ. ಅದೊಂದೇ ಹೆಚ್ಚಾಗಿದ್ದರೆ ರೇಶಿಯೊ ಏರಬೇಕು, ಇಳಿಯುವುದಲ್ಲ. ಬರೆಯಬೇಕಾದ ಕಾರಣ ಎರಡು ಪಾರ್ಟಿಗಳಿಗೆ ಕೊಟ್ಟ ಉದ್ದದ ಸಾಲ.

ದಿನದ ಲೆಕ್ಕವನ್ನು ಹಾಗೇ ನಂಬಲೂಬಾರದು. ಬಾಕಿಯಲ್ಲಿ ಜಿಎಸ್‌ಟಿ ಸೇರಿರುತ್ತದೆ, ವ್ಯಾಪಾರದಲ್ಲಿ ಇರುವುದಿಲ್ಲ. ಹಾಗಾಗಿ ದಿನ ಸ್ವಲ್ಪ ಜಾಸ್ತಿ ಕಾಣುತ್ತದೆ. ಮೂರೂ ವರ್ಷ ಹಾಗೇ ಇರುವುದರಿಂದ ಏರಿಳಿತಕ್ಕೆ ತೊಂದರೆಯಿಲ್ಲ. ದೊಡ್ಡ ತೊಂದರೆ ಮಾರ್ಚ್ 31ರದ್ದು. ಆ ತಿಂಗಳಲ್ಲೇ ಭಾರೀ ಮಾರಾಟವಾಗಿದ್ದರೆ ಬಾಕಿ ಉಬ್ಬಿ ಕಾಣುತ್ತದೆ. ಹಾಗಾಗಿ ಬಾಕಿಯಿಂದ ಮಾರ್ಚ್‌ನ ಮಾರಾಟ ಕಳೆಯಿರಿ, ಉಳಿದರೆ ಫೆಬ್ರವರಿಯದ್ದು, ಆಮೇಲೆ ಜನವರಿಯದ್ದು. ಎಲ್ಲಿಗೆ ಸೊನ್ನೆಯಾಗುತ್ತದೋ ಅಷ್ಟು ತಿಂಗಳ ಬಾಕಿ ಎಂದರ್ಥ. ನಮ್ಮಲ್ಲಿ ಗೇರುಬೀಜದ ಕೊಯ್ಲು ಫೆಬ್ರವರಿಯಿಂದ ಮೇ ತನಕ. ಮಾರ್ಚ್ ಕೊನೆಗೆ ಗೋದಾಮು ತುಂಬುತ್ತಿರುತ್ತದೆ. ಸ್ಟಾಕಿನ ದಿನ ಆಗ ಜಾಸ್ತಿ ಕಂಡರೆ ಹೆದರಬೇಡಿ. ಅದನ್ನು ಹಿಂದಿನ ಮಾರ್ಚ್ ಜೊತೆ ಹೋಲಿಸಿ, ಸೆಪ್ಟೆಂಬರ್ ಜೊತೆ ಅಲ್ಲ.

ಅಣ್ಣನಿಗೆ ಹೊಸ ಪಾರ್ಟಿಗಳನ್ನು ಬಿಡಲು ಮನಸ್ಸಿರಲಿಲ್ಲ. ಊರಿನ ಹುಡುಗಿಯರು ಎಷ್ಟೋ ಮಂದಿ ಅಲ್ಲಿ ಕೆಲಸಕ್ಕಿದ್ದಾರೆ, ಮಾಲು ಕಡಿಮೆಯಾದರೆ ಅವರ ಕೆಲಸ ಹೋಗುತ್ತದೆ ಎಂದರು. ಆ ಮಾತಿನ ಮೇಲೆ ನನಗೆ ಗೌರವವಿದೆ. ಹಾಗಾಗಿ ಆ 340 ಲಕ್ಷದ ಲೆಕ್ಕವನ್ನೇ ಬೇರೆ ಮಾಡಿ ತೋರಿಸಿದೆ. ಬೀಜಕ್ಕೆ ಸುಮಾರು 279, ಕೂಲಿಗೆ 36. ಉಳಿಯುವುದು 25 ಲಕ್ಷ. 153 ಲಕ್ಷ ಬಾಕಿಗೆ ಬ್ಯಾಂಕಿನ ಬಡ್ಡಿ ನೂರಕ್ಕೆ 10ರಂತೆ ಹಿಡಿದರೂ 15 ಲಕ್ಷ. ಸಾಗಾಟ, ಪ್ಯಾಕಿಂಗ್ ಇನ್ನೂ ಕಳೆದಿಲ್ಲ. 10 ಲಕ್ಷಕ್ಕೂ ಕಡಿಮೆ ಲಾಭಕ್ಕೆ 153 ಲಕ್ಷ ಹೊರಗೆ ನಿಂತಿದೆ.

ಕೊನೆಗೆ ಪಾರ್ಟಿಗಳನ್ನು ಬಿಡಲಿಲ್ಲ, ಷರತ್ತು ಬದಲಾಯಿಸಿದರು. ಹಳೆಯ ಬಿಲ್ಲು ಬಾರದೆ ಹೊಸ ಲೋಡ್ ಹೊರಡುವುದಿಲ್ಲ. 45 ದಿನ ಮೀರಿದರೆ ಕಡಿಮೆ ದರ ಇಲ್ಲ. ಒಂದು ಪಾರ್ಟಿ ಒಪ್ಪಿತು, ಇನ್ನೊಂದು ಇನ್ನೂ ಚೌಕಾಸಿ ಮಾಡುತ್ತಿದೆ. ತಮ್ಮ ಈಗ ಪ್ರತಿ ತಿಂಗಳ ಮೊದಲ ವಾರ ಒಂದು ಹಾಳೆ ಕಳಿಸುತ್ತಾರೆ. ಪಾರ್ಟಿವಾರು ಬಾಕಿ, ಎಷ್ಟು ದಿನದ್ದು, ಮತ್ತು ಆ ತಿಂಗಳ ಔಟ್‌ಟರ್ನ್.