ಕರೆಂಟ್ ಬಿಲ್ ಲೆಕ್ಕ: 132 ಯೂನಿಟ್‌ಗೂ 7 ರೂಪಾಯಿನಾ?

ನಿನ್ನೆ ತುಮಕೂರಿನ ಶಿರಾ ಗೇಟ್ ಹತ್ತಿರದ ನಮ್ಮ ರೂಮಿನಲ್ಲಿ ಈ ಲೆಕ್ಕ ಮಾಡುತ್ತಾ ಎರಡು ಸಲ ತಪ್ಪಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಅಭ್ಯಾಸದ ಲೆಕ್ಕದ ದರ ಇದು: ಮೊದಲ 50 ಯೂನಿಟ್‌ಗೆ ತಲಾ 4 ರೂ., ಮುಂದಿನ 50ಕ್ಕೆ 5.50, 100 ದಾಟಿದ ಮೇಲೆ 7. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 100 ರೂ., ಮಂಜೂರಾದ ಲೋಡ್ 2 ಕಿಲೋವ್ಯಾಟ್. ಹಿಂದಿನ ರೀಡಿಂಗ್ 4318, ಈಗಿನದು 4450. ಕಳೆದರೆ 132 ಯೂನಿಟ್.

ನಾನು ಎಡವಿದ ಜಾಗ

132 ಮೂರನೇ ಸ್ಲ್ಯಾಬ್‌ನಲ್ಲಿದೆ ಅಂತ 132 × 7 = 924 ಬರೆದೆ. ಅದು ತಪ್ಪು. ಸ್ಲ್ಯಾಬ್ ಅಂದರೆ ಸಾಲಾಗಿ ಇಟ್ಟ ಡಬ್ಬಿಗಳು ಅಂದುಕೊಳ್ಳಿ. ಮೊದಲನೆಯದು ತುಂಬಿ ಉಕ್ಕಿದ್ದು ಮಾತ್ರ ಎರಡನೆಯದಕ್ಕೆ ಹೋಗುತ್ತದೆ. ಮೊದಲ ಡಬ್ಬಿಯಲ್ಲಿ ಬಿದ್ದ 50 ಯೂನಿಟ್‌ನ ದರ ಆಮೇಲೆ ಬದಲಾಗಲ್ಲ.

50 × 4 = 200
50 × 5.50 = 275
32 × 7 = 224
ಒಟ್ಟು 699 ರೂ.

924ಕ್ಕೂ 699ಕ್ಕೂ ವ್ಯತ್ಯಾಸ 225. ಈ 225 ಎಲ್ಲಿಂದ ಬಂತು ಅಂತ ಹುಡುಕಿದಾಗಲೇ ನನಗೆ ವಿಷಯ ತಲೆಗೆ ಹೋಗಿದ್ದು. ಮೊದಲ 50 ಯೂನಿಟ್‌ಗೆ ತಲಾ 3 ರೂ. ಜಾಸ್ತಿ ಹಾಕಿದ್ದೆ, ಅದು 150. ಮುಂದಿನ 50ಕ್ಕೆ ತಲಾ 1.50 ಜಾಸ್ತಿ, ಅದು 75. ಹಾಗಾಗಿ ಈ ದರಗಳಲ್ಲಿ 100 ದಾಟಿದ ಯಾವ ಯೂನಿಟ್‌ಗಾದರೂ ಇದನ್ನು ಹಾಕಬಹುದು:

ಯೂನಿಟ್ × 7 − 225

160 ಯೂನಿಟ್ ಆದರೆ 1120 − 225 = 895. ಬಿಡಿಸಿ ಕೂಡಿದರೂ 895 ಬರುತ್ತದೆ, ನೋಡಿಕೊಳ್ಳಿ. ಪರೀಕ್ಷೆಯಲ್ಲಿ ಸಮಯ ಉಳಿಸಲು ನನಗೆ ಇದೇ ಇಷ್ಟ. ದರ ಬದಲಾದರೆ 225 ಕೂಡ ಬದಲಾಗುತ್ತದೆ, ಅದನ್ನು ಸುಮ್ನೆ ಬಾಯಿಪಾಠ ಮಾಡಬೇಡಿ.

ಉಳಿದದ್ದು

ನಿಗದಿತ ಶುಲ್ಕ 2 × 100 = 200. ಇದಕ್ಕೂ ಯೂನಿಟ್‌ಗೂ ಸಂಬಂಧ ಇಲ್ಲ. ಮನೆಗೆ ಬೀಗ ಹಾಕಿ ತಿಂಗಳು ಊರಿಗೆ ಹೋದರೂ ಬರುತ್ತದೆ. ತೆರಿಗೆ ಶೇ 9, ಅದನ್ನು 699ರ ಮೇಲೆ ಹಾಕಬೇಕು, 899ರ ಮೇಲೆ ಅಲ್ಲ: 62.91. ಬಿಲ್ 961.91 ರೂ.

ಡಬ್ಬಿ ಲೆಕ್ಕ ನಡೆಯದ ಬಿಲ್

2023ರ ಬಿಲ್ ಸಿಕ್ಕರೆ ಎಚ್ಚರ. ಆಗ ನಮ್ಮ ರಾಜ್ಯದಲ್ಲಿ ಮನೆಗಳಿಗೆ 100 ಯೂನಿಟ್‌ವರೆಗೆ 4.75 ರೂ. ಇತ್ತು. 100 ದಾಟಿದರೆ ಮೊದಲಿನಿಂದ ಎಲ್ಲ ಯೂನಿಟ್‌ಗೂ 7 ರೂ. ಅಂದರೆ 100 ಯೂನಿಟ್‌ಗೆ 475, 101ಕ್ಕೆ 707! ಒಂದೇ ಯೂನಿಟ್‌ಗೆ 232 ರೂ. ಏರಿಕೆ. 2024ರ ಏಪ್ರಿಲ್‌ನಿಂದ ಸ್ಲ್ಯಾಬೇ ಹೋಗಿ ಎಲ್ಲ ಯೂನಿಟ್‌ಗೂ 5.90 ಆಯಿತು.

ಕೈಯಲ್ಲಿರುವ ಬಿಲ್ ಯಾವ ಬಗೆಯದು ಅಂತ ತಿಳಿಯಲು ವಿದ್ಯುತ್ ಶುಲ್ಕವನ್ನು ಯೂನಿಟ್‌ನಿಂದ ಭಾಗಿಸಿ. 699 ÷ 132 ಸುಮಾರು 5.30. ಇದು ಪಟ್ಟಿಯಲ್ಲಿರುವ ಯಾವ ದರವೂ ಅಲ್ಲ, ಹಾಗಾಗಿ ಡಬ್ಬಿ ಲೆಕ್ಕ. 707 ÷ 101 ಸರಿಯಾಗಿ 7 ಬರುತ್ತದೆ, ಅಲ್ಲಿ ಎಲ್ಲ ಯೂನಿಟ್‌ಗೂ ಒಂದೇ ದರ ಬಿದ್ದಿದೆ.