‘ಒಂದು ಲೇಬಲ್‌ಗೆ ಎಷ್ಟಾಗುತ್ತೆ?’ ಎಂದು ಕೇಳಿದವರಿಗೆ ಏನು ಬರೆಯಬೇಕು

“ಮುರುಗಲು ಶರಬತ್ತಿಗೆ ಒಂದು ಲೇಬಲ್ ಬೇಕಿತ್ತು, ಎಷ್ಟಾಗುತ್ತೆ?” ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಮನೆ ಉದ್ಯಮದವರು ನಮ್ಮಂಥ ಫ್ರೀಲ್ಯಾನ್ಸ್ ಡಿಸೈನರ್‌ಗಳಿಗೆ ವಾಟ್ಸಾಪ್‌ನಲ್ಲಿ ಕೇಳುವುದು ಹೆಚ್ಚಾಗಿ ಇಷ್ಟೇ. ಹೊಸಬರು ಕೂಡಲೇ ಒಂದು ಮೊತ್ತ ಹೇಳಿಬಿಡುತ್ತಾರೆ. ಅದರಲ್ಲಿ ಏನೇನು ಸೇರಿದೆ ಅನ್ನುವುದು ಇಬ್ಬರಿಗೂ ಸ್ಪಷ್ಟ ಇರುವುದಿಲ್ಲ. ಮುಂದಿನ ಮನಸ್ತಾಪವೆಲ್ಲ ಅಲ್ಲಿಂದಲೇ ಶುರು.

ದರ ಹೇಳುವ ಮೊದಲು ಮೂರು ವಿಷಯ ಕೇಳಿ. ಎಷ್ಟು ಅಳತೆಯ ಬಾಟಲಿ? ಲೇಬಲ್‌ನಲ್ಲಿ ಬರೆಯುವ ವಿವರ ತಯಾರಿದೆಯಾ? ಪ್ರಿಂಟ್ ಯಾವಾಗ? ಎರಡನೆಯದು ಬಹಳ ಮುಖ್ಯ. ಪದಾರ್ಥಗಳ ಪಟ್ಟಿ, ನಿವ್ವಳ ಪ್ರಮಾಣ, ತಯಾರಕರ ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಸಂಖ್ಯೆ, ಇವು ಬರದೆ ಲೇಬಲ್ ಮುಗಿಯುವುದಿಲ್ಲ. ಸಂಖ್ಯೆಗೆ ಅರ್ಜಿಯನ್ನೇ ಹಾಕದವರು “ನಾಳೆ ಬೇಕು” ಎನ್ನುವುದೂ ಉಂಟು.

ಉತ್ತರ ಹೀಗೆ ಬಂತು ಅಂದುಕೊಳ್ಳಿ: 750 ಮತ್ತು 200 ಮಿ.ಲೀ., ಎರಡು ಅಳತೆ, ವಿವರ ತಯಾರಿದೆ. ನಿಮ್ಮ ದರ ಗಂಟೆಗೆ ₹500 ಎಂದಿಟ್ಟುಕೊಳ್ಳೋಣ. ದೊಡ್ಡ ಲೇಬಲ್‌ನ ವಿನ್ಯಾಸಕ್ಕೆ 8 ಗಂಟೆ, ವಿವರ ಜೋಡಿಸಿ ತಪ್ಪು ನೋಡಲು 1, ಎರಡು ಸುತ್ತಿನ ತಿದ್ದುಪಡಿಗೆ 3, ಪ್ರೆಸ್‌ಗೆ ಬೇಕಾದ ಫೈಲ್ ಮಾಡಿ ಅವರ ಜೊತೆ ಮಾತಾಡಲು 2. ಒಟ್ಟು 14 ಗಂಟೆ, ₹7,000. ಅದನ್ನೇ ಸಣ್ಣ ಬಾಟಲಿಗೆ ಹೊಂದಿಸಲು 3 ಗಂಟೆ, ₹1,500. ಈ ಲೆಕ್ಕ ನಿಮ್ಮ ಹತ್ತಿರವೇ ಇರಲಿ. ಗಿರಾಕಿಗೆ ಗಂಟೆ ಎಣಿಸಿ ನೋಡಲು ಆಗುವುದಿಲ್ಲ, ಅವರಿಗೆ ಬೇಕಾದ್ದು ಒಂದೇ ಮೊತ್ತ. ಹಾಗಾಗಿ ಸಂದೇಶ ಇಷ್ಟಿದ್ದರೆ ಸಾಕು:

“ನಮಸ್ಕಾರ. ಮುರುಗಲು ಶರಬತ್ತಿನ ಲೇಬಲ್, 750 ಮತ್ತು 200 ಮಿ.ಲೀ. ಅಳತೆಗೆ, ಒಟ್ಟು ₹8,500. ಇದರಲ್ಲಿ ಒಂದು ವಿನ್ಯಾಸ, ಎರಡು ಸುತ್ತು ತಿದ್ದುಪಡಿ, ಪ್ರೆಸ್‌ಗೆ ಕೊಡುವ ಪಿಡಿಎಫ್ ಸೇರಿದೆ. ಪ್ರಿಂಟಿಂಗ್ ಖರ್ಚು, ಫೋಟೋ ತೆಗೆಯುವುದು ಸೇರಿಲ್ಲ. ವಿವರಗಳನ್ನು ನೀವು ಟೈಪ್ ಮಾಡಿ ಕಳಿಸಬೇಕು. ಮುಂಗಡ ₹4,250. ಮುಂಗಡ ಮತ್ತು ವಿವರ ಎರಡೂ ಸಿಕ್ಕ ಮೇಲೆ 7 ಕೆಲಸದ ದಿನಗಳಲ್ಲಿ ಮೊದಲ ವಿನ್ಯಾಸ. ಉಳಿದ ₹4,250 ಬಂದ ಮೇಲೆ ಪ್ರೆಸ್ ಫೈಲ್. ಈ ದರ 15 ದಿನಗಳವರೆಗೆ. ಒಪ್ಪಿಗೆಯಾದರೆ ‘ಒಪ್ಪಿಗೆ’ ಎಂದು ಉತ್ತರಿಸಿ.”

ಇದರಲ್ಲಿ ಹೆಚ್ಚು ತಪ್ಪು ತಿಳಿಯುವುದು “ಸುತ್ತು” ಎಂಬ ಮಾತನ್ನು. ಬೆಳಿಗ್ಗೆ ಬಣ್ಣ, ಮಧ್ಯಾಹ್ನ ಅಕ್ಷರ, ರಾತ್ರಿ ಭಾವನವರ ಸಲಹೆ, ಹೀಗೆ ಬಂದರೆ ಲೆಕ್ಕ ಹಿಡಿಯುವುದು ಹೇಗೆ? ಮೊದಲ ವಿನ್ಯಾಸ ಕಳಿಸುವಾಗಲೇ “ಮನೆಯವರೆಲ್ಲ ನೋಡಿ, ಬದಲಾವಣೆಗಳನ್ನು ಒಟ್ಟಿಗೆ ಒಂದೇ ಸಂದೇಶದಲ್ಲಿ ಕಳಿಸಿ, ಅದು ಒಂದು ಸುತ್ತು” ಎಂದು ಬರೆಯಿರಿ. ಮೂರನೇ ಸುತ್ತು ಬೇಕಾದರೆ ₹750 ಎಂದೂ ಹೇಳಿಬಿಡಿ. ಇನ್ನು “ಇದೇ ಥರ ಶುಂಠಿ ಶರಬತ್ತಿಗೂ ಒಂದು” ಅಂದರೆ ಅದು ತಿದ್ದುಪಡಿ ಅಲ್ಲ, ಹೊಸ ಕೆಲಸ. ಅದಕ್ಕೆ ಬೇರೆ ದರ.

ವಿವರವನ್ನು ಟೈಪ್ ಮಾಡಿ ಕಳಿಸಿ ಅನ್ನುವುದಕ್ಕೂ ಕಾರಣ ಇದೆ. ಕೈಬರಹದ ಫೋಟೋ ನೋಡಿ ನಾವು ಟೈಪ್ ಮಾಡಿದಾಗ ಒಂದು ಅಂಕಿ ತಪ್ಪಿದರೆ, ಸಾವಿರಾರು ಲೇಬಲ್ ಪ್ರಿಂಟ್ ಆದ ಮೇಲೆ ಹೊಣೆ ಯಾರದು? ಕೊನೆಗೆ ಪೂರ್ತಿ ಲೇಬಲ್ ಕಳಿಸಿ “ಓದಿ ನೋಡಿದ್ದೇನೆ, ಸರಿ ಇದೆ” ಎಂದು ಬರೆಸಿಕೊಳ್ಳಿ. ಬ್ಯಾಚ್ ಸಂಖ್ಯೆ, ತಯಾರಿಸಿದ ದಿನಾಂಕಕ್ಕೆ ಖಾಲಿ ಜಾಗ ಬಿಡಿ, ಅವನ್ನು ಅವರು ಆಮೇಲೆ ಸೀಲ್ ಹಾಕಿಕೊಳ್ಳುತ್ತಾರೆ. ಪ್ರೆಸ್ ಫೈಲ್‌ನಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿಯೇ ಕೊಡಿ. ಇಲ್ಲದಿದ್ದರೆ ಅಲ್ಲಿನ ಕಂಪ್ಯೂಟರ್‌ನಲ್ಲಿ ಒತ್ತಕ್ಷರ ಒಡೆಯಬಹುದು.

ಬಾಕಿ ಹಣ ಫೈಲ್‌ಗಿಂತ ಮೊದಲು ಬರಬೇಕು ಅನ್ನುವುದರಲ್ಲಿ ನಾನು ಗಟ್ಟಿ. ಅಲ್ಲಿಯವರೆಗೆ ವಾಟರ್‌ಮಾರ್ಕ್ ಇರುವ, ಪ್ರಿಂಟಿಗೆ ಸಾಲದ ಸಣ್ಣ ಚಿತ್ರ ಮಾತ್ರ ಕಳಿಸುತ್ತೇನೆ. “ಮಾಲು ಮಾರಿದ ಮೇಲೆ ಕೊಡ್ತೆ” ಎನ್ನುವವರ ಕಷ್ಟ ನಿಜವೇ. ಮುರುಗಲು ಹಣ್ಣಾಗುವುದು ಬೇಸಿಗೆಯಲ್ಲಿ, ಆಗಲೇ ಸಕ್ಕರೆ, ಬಾಟಲಿಗೂ ಹಣ ಹೋಗಿರುತ್ತದೆ. ಅಂಥವರಿಗೆ ಬಾಕಿಯನ್ನು ಎರಡು ಕಂತು ಮಾಡಿ, ಅರ್ಧ ಫೈಲ್‌ಗೆ ಮೊದಲು, ಅರ್ಧ ಇಂಥ ತಾರೀಖಿಗೆ ಎಂದು ಬರೆಯಬಹುದು. ಮಾರಾಟದ ಮೇಲೆ ಬಿಟ್ಟರೆ ದಿನ ಗೊತ್ತಾಗುವುದೇ ಇಲ್ಲ.

“ಸ್ವಲ್ಪ ಕಡಿಮೆ ಮಾಡಿ” ಅಂದರೆ ದರ ಇಳಿಸಬೇಡಿ, ಕೆಲಸ ಇಳಿಸಿ: “ಈಗ 750 ಮಿ.ಲೀ. ಮಾತ್ರ ಮಾಡೋಣ, ₹7,000, ಮುಂಗಡ ₹3,500. ಸಣ್ಣದು ಮುಂದಿನ ಸಲ.” ಹಣ ನಿಜವಾಗಿ ಕಡಿಮೆ ಇದ್ದವರು ಇದನ್ನು ಒಪ್ಪುತ್ತಾರೆ. ಅದೇ ಕೆಲಸವನ್ನು ಸುಮ್ನೆ ಇಳಿಸಿ ಕೊಟ್ಟರೆ ಮೊದಲು ಹೇಳಿದ್ದು ಜಾಸ್ತಿಯಾಗಿತ್ತು ಎಂದು ನೀವೇ ಒಪ್ಪಿಕೊಂಡ ಹಾಗೆ. ಆಮೇಲೆ ಫೋನಿನಲ್ಲಿ ಏನು ಬದಲಾದರೂ ಅದೇ ದಿನ ಒಂದು ಸಾಲು ಬರೆದು ಅವರ ಒಪ್ಪಿಗೆ ತೆಗೆದುಕೊಳ್ಳಿ.