ಅಜ್ಜಿಯ ಟಾರ್ಚನ್ನು ಯಾಕೆ ತೆಗೆದುಹಾಕಿದಿರಿ?

ಪಶುವೈದ್ಯರ ಪತ್ರಿಕೆಯೊಂದಕ್ಕೆ ಬರುವ ಬರಹಗಳನ್ನು ತಿದ್ದುವುದು ನನ್ನ ಕೆಲಸ. ಮೊನ್ನೆ ಯುವ ವೈದ್ಯರೊಬ್ಬರು ಹಸುವೊಂದರ ಕಷ್ಟದ ಹೆರಿಗೆಯ ಬಗ್ಗೆ ಬರೆದ ತಮ್ಮ ವಾಟ್ಸಾಪ್ ಪೋಸ್ಟನ್ನೇ ಲೇಖನ ಮಾಡಿ ಕಳಿಸಿದ್ದರು. ಮೂಲ ಪೋಸ್ಟ್ ಹೀಗಿತ್ತು:

"ರಾತ್ರಿ ಎರಡಕ್ಕೆ ಫೋನು. ಹೋದ್ರೆ ಕರು ಕಾಲು ಮಡಚ್ಕೊಂಡು ಸಿಕ್ಕಾಕೊಂಡಿದೆ! ಅಜ್ಜಿ ಟಾರ್ಚ್ ಹಿಡ್ಕೊಂಡು ನಿಂತೇ ಇದ್ರು, ಕೈ ಗಡಗಡ, ಪಾಪ!! ಅಂತೂ ಹೊರಗೆ ಬಂತು ನೋಡಿ!!"

ಲೇಖನದಲ್ಲಿ ಇದು "ಮಧ್ಯರಾತ್ರಿ ಕರೆ ಸ್ವೀಕರಿಸಲಾಯಿತು. ಪರಿಶೀಲಿಸಲಾಗಿ ಮುಂಗಾಲು ಮಡಚಿರುವುದು ಕಂಡುಬಂದಿದ್ದು, ಸೂಕ್ತ ಕ್ರಮ ಕೈಗೊಳ್ಳಲಾಯಿತು" ಎಂದಾಗಿತ್ತು.

ಎಷ್ಟು ಸಲ ಹೇಳಿದರೂ ಈ 'ಲಾಯಿತು' ಬಿಡುವುದಿಲ್ಲ! ಸ್ವೀಕರಿಸಿದ್ದು ಯಾರು? ಕ್ರಮ ಕೈಗೊಂಡಿದ್ದು ಯಾರು? 'ಲಾಯಿತು' ಬಂದ ಕೂಡಲೇ ಕೆಲಸ ಮಾಡಿದವರು ಮಾಯವಾಗುತ್ತಾರೆ, ಅವರ ಜೊತೆ ಅಜ್ಜಿಯೂ ಹೋಗುತ್ತಾರೆ. ಪೋಸ್ಟ್ ಗಂಭೀರವಾಗಲು ಅಷ್ಟೆಲ್ಲ ಬೇಡ. 'ಹೋದ್ರೆ' ಅನ್ನುವುದು 'ಹೋದಾಗ' ಆಗಲಿ, 'ಹಿಡ್ಕೊಂಡು' ಅನ್ನುವುದು 'ಹಿಡಿದು' ಆಗಲಿ, ಆಶ್ಚರ್ಯಸೂಚಕಗಳು ಹೋಗಲಿ. 'ನಾನು' ಇರಲಿ. ಬೇರೆ ವೈದ್ಯರಿಗೆ ನಿಜಕ್ಕೂ ಬೇಕಾಗಿದ್ದು 'ಅಂತೂ' ಅನ್ನುವ ಪದದೊಳಗೆ ಅಡಗಿತ್ತು. ಹೊರಗೆ ಬಂದಿದ್ದು ಹೇಗೆ?

ಫೋನ್ ಮಾಡಿ ಕೇಳಿದೆ. ಅವರು ಹೇಳಿದ್ದನ್ನು ಸೇರಿಸಿ ಹೀಗೆ ಬರೆದೆ:

"ರಾತ್ರಿ ಎರಡು ಗಂಟೆಗೆ ಕರೆ ಬಂತು. ನಾನು ಹೋದಾಗ ಕರುವಿನ ತಲೆ ಮತ್ತು ಒಂದು ಮುಂಗಾಲು ಸರಿಯಾದ ಸ್ಥಿತಿಯಲ್ಲಿದ್ದವು. ಇನ್ನೊಂದು ಮುಂಗಾಲು ಮಂಡಿಯಲ್ಲಿ ಮಡಚಿಕೊಂಡಿತ್ತು. ಹಸು ತಿಣುಕುವುದನ್ನು ನಿಲ್ಲಿಸಿದಾಗ ಕರುವನ್ನು ಹಿಂದಕ್ಕೆ ತಳ್ಳಿ ಜಾಗ ಮಾಡಿಕೊಂಡೆ. ಗರ್ಭಕೋಶಕ್ಕೆ ಗಾಯವಾಗದಂತೆ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕಾಲನ್ನು ನೇರ ಮಾಡಿದೆ. ಕರು ಹೊರಗೆ ಬಂತು. ಅಷ್ಟು ಹೊತ್ತೂ ಮನೆಯ ಅಜ್ಜಿ ಟಾರ್ಚ್ ಹಿಡಿದು ನಿಂತಿದ್ದರು. ಅವರ ಕೈ ನಡುಗುತ್ತಿತ್ತು."

'ಪಾಪ' ಹೋಯಿತು. ನಡುಗುವ ಕೈ ಇದ್ದಮೇಲೆ ಅದು ಬೇಕಿಲ್ಲ ಅಲ್ವಾ? ಓದುವವರಿಗೆ ತಾನಾಗಿಯೇ 'ಪಾಪ' ಅನಿಸುತ್ತದೆ. ಊರು, ಮನೆಯವರ ಹೆಸರು ಮಾತ್ರ ಬೇಡ, ಅವರನ್ನು ಕೇಳಿಲ್ಲವಲ್ಲ. ವಿಮೆಯ ಪ್ರಮಾಣಪತ್ರದಂಥ ಕಾಗದಕ್ಕೆ ಈ ತಿದ್ದುವ ರೀತಿ ಅನ್ವಯಿಸುವುದಿಲ್ಲ. ಅಲ್ಲಿ ವಿಮಾ ಕಂಪನಿ ಕೊಟ್ಟ ನಮೂನೆಯಂತೆಯೇ ಬರೆಯಬೇಕು.

ತಿದ್ದಿದ ಪ್ರತಿ ಕಳಿಸಿದ ಮೇಲೆ ಹುಡುಗ ಹಿಂಜರಿಯುತ್ತಾ ಫೋನ್ ಮಾಡಿದ. "ಮೇಡಂ, ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿದ್ದು ಅಜ್ಜಿನೇ. ಅದನ್ನ ಬರೀಬಹುದಾ? ಲೇಖನಕ್ಕೆ ಹೊಂದಲ್ಲ ಅಂತ ಸುಮ್ನೆ ಬಿಟ್ಟಿದ್ದೆ."

ಹುಟ್ಟಿದ ಕರುವಿಗೆ ರೋಗ ತಡೆಯುವ ಶಕ್ತಿ ಬರುವುದೇ ಆ ಹಾಲಿನಿಂದ. ಅದು ಮೊದಲ ಕೆಲವು ಗಂಟೆಗಳಲ್ಲೇ ಹೊಟ್ಟೆಗೆ ಹೋಗಬೇಕು. "ಒಂದು ಗಂಟೆಯೊಳಗೆ ಅಜ್ಜಿಯೇ ಕರುವಿಗೆ ಗಿಣ್ಣುಹಾಲು ಕುಡಿಸಿದರು" ಎಂದು ಕೊನೆಯ ಸಾಲು ಸೇರಿಸಿ ಅಚ್ಚಿಗೆ ಕಳಿಸಿದೆ.